ಕುಡಿ ಚಿವುಟುವ ವಿಡಿಯೋ ಮುಚ್ಚಬೇಡಿ: ನಿಂತುಹೋದ ಚಾನೆಲ್ ಮತ್ತೆ ನಡೆಸುವ ಬಗೆ

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ಮದು ಆಳಂದ ತಾಲೂಕು, ತೊಗರಿ ಹೊಲ ಅದ. 2020ರ ಲಾಕ್‌ಡೌನ್‌ನ್ಯಾಗ ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದೆ. 71 ವಿಡಿಯೋ, 2,300 ಸಬ್‌ಸ್ಕ್ರೈಬರ್ ಅದಾರ. 2022ರ ದೀಪಾವಳಿ ಆದಮ್ಯಾಗ ಒಂದೂ ಹಾಕಿಲ್ಲ. ಈಗ ಬರೀ ತೊಗರಿ, ಒಕ್ಕಲುತನದ ಮ್ಯಾಲೆ ಮತ್ತ ಶುರು ಮಾಡಬೇಕಂತೀನಿ. ಹಳೆ ವಿಡಿಯೋ ನೋಡಿದ್ರ ನನಗೇ ನಾಚಿಕಿ ಬರ್ತದ. ಎಲ್ಲಾ ಡಿಲೀಟ್ ಮಾಡ್ಲಿ ಏನು? ಇಲ್ಲಾ ಹೊಸ ಚಾನೆಲ್ ಮಾಡ್ಲಿ? ಹೆಸರು, ಫೋಟೋ ಬದಲಿಸಿದ್ರ ಇದ್ದವರೂ ಹೋಗ್ತಾರೇನು? ವಾರಕ್ಕ ಎಷ್ಟು ಹಾಕಬೇಕು? ಎಲ್ಲಾ ವಿಡಿಯೋದ ಲೆಕ್ಕದ ಶೀಟ್ ಕಳಿಸೀನಿ, ನೋಡ್ರಿ.

ಉತ್ತರ: ಡಿಲೀಟ್ ಬೇಡ. ಹೊಸ ಚಾನೆಲ್ಲೂ ಬೇಡ. ಶೀಟ್ ಕಳಿಸಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನೂ ಸುಮ್ನೆ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿ ಮುಗಿಸುತ್ತಿದ್ದೆ. ನೀವು ಕೈಬಿಟ್ಟರೂ ನಿಮ್ಮ ಚಾನೆಲ್ ಪೂರ್ತಿ ನಿಂತಿಲ್ಲ ಅನ್ನುವುದು ಅದರಲ್ಲಿದೆ. ಕಳೆದ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೋಗಳನ್ನು ಒಟ್ಟು 431 ಗಂಟೆ ನೋಡಿದ್ದಾರೆ. ಅದರಲ್ಲಿ 412 ಗಂಟೆ ಬಂದಿರುವುದು 24 ತೊಗರಿ ವಿಡಿಯೋಗಳಿಂದ. ಉಳಿದ 47 ವಿಡಿಯೋ ಸೇರಿ ತಂದಿದ್ದು 19 ಗಂಟೆ. ಹೊಸ ಚಾನೆಲ್ ಮಾಡಿದರೆ ಆ 412 ಗಂಟೆ ತರುವ ವಿಡಿಯೋಗಳನ್ನು ಹಿಂದೆ ಬಿಟ್ಟು ಹೋಗಬೇಕಾಗುತ್ತದೆ. ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ವಿಡಿಯೋ ವರ್ಗಾಯಿಸಲು ಬರುವುದಿಲ್ಲ. ಮತ್ತೆ ಅಪ್‌ಲೋಡ್ ಮಾಡಿದರೆ ವ್ಯೂಸ್ ಸೊನ್ನೆಯಿಂದ ಶುರು.

ಹಳೆಯ ಕೆಟ್ಟ ವಿಡಿಯೋಗಳು ಹೊಸ ವಿಡಿಯೋಗಳನ್ನು ಕೆಳಗೆ ಎಳೆಯುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಎರಡು ವರ್ಷ ಬಿಟ್ಟರೆ ಯೂಟ್ಯೂಬ್ ಚಾನೆಲ್ ಮೇಲೆ ಸಿಟ್ಟಾಗುತ್ತದೆ ಅಂತಲೂ ಹೇಳುತ್ತಾರೆ. ಅದು ಹಾಗೆ ನಡೆಯುವುದಿಲ್ಲ. ಯೂಟ್ಯೂಬ್ ಒಂದೊಂದು ವಿಡಿಯೋವನ್ನು ಬೇರೆ ಬೇರೆಯಾಗಿ ತೂಗುತ್ತದೆ. ಈ ಮನುಷ್ಯನಿಗೆ ಈ ವಿಡಿಯೋ ತೋರಿಸಿದರೆ ಒತ್ತುತ್ತಾನಾ, ಒತ್ತಿದರೆ ನೋಡುತ್ತಾನಾ, ಅಷ್ಟೇ ಅದರ ಲೆಕ್ಕ. ನೀವು ಬಿಟ್ಟುಹೋದದ್ದಕ್ಕೆ ದಂಡ ಏನಿಲ್ಲ. ಆದರೆ ನಿಮ್ಮನ್ನು ನೋಡುತ್ತಿದ್ದವರ ಅಭ್ಯಾಸ ತಪ್ಪಿದೆ. ಅದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಹಳೆಯದನ್ನು ಮುಚ್ಚುವುದು, ಅಂದರೆ ಡಿಲೀಟ್ ಮಾಡದೆ ಮರೆಮಾಡುವುದು, ಯಾಕೆ? ಮನುಷ್ಯರಿಗಾಗಿ. ಅಫಜಲಪುರದ ಒಬ್ಬ ರೈತ ನಿಮ್ಮ ತೊಗರಿ ವಿಡಿಯೋ ನೋಡಿದ ಅಂತ ಇಟ್ಟುಕೊಳ್ಳಿ. ಚೆನ್ನಾಗಿದೆ ಅನಿಸಿ ಚಾನೆಲ್ ಹೆಸರು ಒತ್ತುತ್ತಾನೆ. ಅಲ್ಲಿ ಕಾಣುವುದೇನು? ಮೊಬೈಲ್ ಅನ್‌ಬಾಕ್ಸಿಂಗ್, ನಿಮ್ಮ ಕಾಕಾನ ಮಗನ ಮದುವೆಯ ಮೆರವಣಿಗೆ, ಸಿನಿಮಾ ಹಾಡು ಹಾಕಿದ ಸ್ಟೇಟಸ್ ವಿಡಿಯೋ. ಸಬ್‌ಸ್ಕ್ರೈಬ್ ಮಾಡಲು ಬಂದವನು ಹಾಗೇ ವಾಪಸ್ ಹೋಗುತ್ತಾನೆ. ಅವನಿಗಾಗಿ ಅಂಗಳ ಗುಡಿಸಬೇಕು.

ಗುಡಿಸುವಾಗ ಕಾಳನ್ನೂ ಗುಡಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಶೀಟಿನಲ್ಲಿ ‘ತೆಗೀಬೇಕು’ ಅಂತ ಕೆಂಪು ಬಣ್ಣ ಹಾಕಿದ ಸಾಲುಗಳನ್ನು ನೋಡಿದೆ. ಅದರಲ್ಲಿ ತೊಗರಿ ಕುಡಿ ಚಿವುಟುವ ವಿಡಿಯೋ ಇದೆ. ‘ಇರಲಿ’ ಅಂತ ಹಸಿರು ಹಾಕಿದ್ದರಲ್ಲಿ 2021ರ ಮೊಬೈಲ್ ಅನ್‌ಬಾಕ್ಸಿಂಗ್ ಇದೆ, ಯಾಕೆಂದರೆ ಅದಕ್ಕೆ 11,400 ವ್ಯೂಸ್ ಇವೆ, ಚಾನೆಲ್‌ನಲ್ಲೇ ಜಾಸ್ತಿ. ಈ ಎರಡು ಬಣ್ಣಗಳನ್ನು ಅದಲು ಬದಲು ಮಾಡಿ.

ಯಾಕೆ ಅಂತ ನೋಡೋಣ. ನೀವು ಶೀಟ್ ತೆಗೆದದ್ದು ಏಪ್ರಿಲ್‌ನಲ್ಲಿ. ‘ತೆಗೀಬೇಕು’ ಅನ್ನುವ ತೀರ್ಮಾನ ಮಾಡಿದ್ದು ಕೊನೆಯ 28 ದಿನದ ಕಾಲಂ ನೋಡಿ. ಆ 28 ದಿನದಲ್ಲಿ ಕುಡಿ ಚಿವುಟುವ ವಿಡಿಯೋಗೆ ಬಂದದ್ದು 4 ವ್ಯೂಸ್. ಏಪ್ರಿಲ್‌ನ ಬಿಸಿಲಿನಲ್ಲಿ ಯಾರ ಹೊಲದಲ್ಲಿ ತೊಗರಿ ಕುಡಿ ಇರುತ್ತದೆ ಹೇಳಿ? ಬಿತ್ತಿ 50 ದಿನದ ಆಸುಪಾಸಿಗೆ ಕುಡಿ ಚಿವುಟುತ್ತಾರೆ. ಅಂದರೆ ನಮ್ಮ ಕಡೆ ಜುಲೈ ಕೊನೆ, ಆಗಸ್ಟ್. ಅದೇ ವಿಡಿಯೋದ 12 ತಿಂಗಳ ಲೆಕ್ಕ 1,380 ವ್ಯೂಸ್. ಅದರಲ್ಲಿ 1,040 ಬಂದಿರುವುದು ಆ ಎರಡೇ ತಿಂಗಳಲ್ಲಿ. ಬಹುಪಾಲು ಯೂಟ್ಯೂಬ್ ಹುಡುಕಾಟದಿಂದ ಬಂದಿವೆ. ಅದು ಸತ್ತ ವಿಡಿಯೋ ಅಲ್ಲ, ಮಳೆಗಾಲಕ್ಕೆ ಏಳುವ ವಿಡಿಯೋ. ಅನ್‌ಬಾಕ್ಸಿಂಗ್‌ಗೆ ಅದೇ 12 ತಿಂಗಳಲ್ಲಿ ಬಂದದ್ದು 26 ವ್ಯೂಸ್. ಆ ಮೊಬೈಲ್ ಈಗ ಅಂಗಡಿಯಲ್ಲೇ ಸಿಗುವುದಿಲ್ಲ, ಇನ್ನು ಅದನ್ನು ಯಾರು ಹುಡುಕುತ್ತಾರೆ?

ಹಾಗಾಗಿ ಮೊದಲ ಕೆಲಸ ಇದು. ಯೂಟ್ಯೂಬ್ ಸ್ಟುಡಿಯೋವನ್ನು ಕಂಪ್ಯೂಟರ್‌ನಲ್ಲಿ ತೆರೆಯಿರಿ. ಅನಲಿಟಿಕ್ಸ್‌ಗೆ ಹೋಗಿ ಅಡ್ವಾನ್ಸ್‌ಡ್ ಮೋಡ್ ಒತ್ತಿ. ದಿನಾಂಕದ ಜಾಗದಲ್ಲಿ 365 ದಿನ ಆರಿಸಿ. ತೊಗರಿ ವಿಡಿಯೋಗಳನ್ನು ಒಂದೊಂದಾಗಿ ತೆರೆದು ತಿಂಗಳ ಲೆಕ್ಕದಲ್ಲಿ ಗೆರೆ ನೋಡಿ. ವರ್ಷಕ್ಕೊಮ್ಮೆ ಗೆರೆ ಮೇಲೇರಿ ಇಳಿದಿದ್ದರೆ ಅದು ಹಂಗಾಮಿನ ವಿಡಿಯೋ, ಅದನ್ನು ಮುಟ್ಟಬಾರದು. ವರ್ಷದ ಉದ್ದಕ್ಕೂ ನೆಲಕ್ಕೆ ಅಂಟಿದ್ದರೆ ಅದು ಮುಗಿದ ವಿಡಿಯೋ. ಆಮೇಲೆ ಜನ ಎಲ್ಲಿಂದ ಬಂದರು ಅನ್ನುವ ಟ್ರಾಫಿಕ್ ಸೋರ್ಸ್ ನೋಡಿ. ಹುಡುಕಾಟದಿಂದ ಬಂದಿದ್ದರೆ ಏನು ಟೈಪ್ ಮಾಡಿ ಬಂದರು ಅನ್ನುವುದೂ ಅಲ್ಲೇ ಕಾಣುತ್ತದೆ. ನಿಮ್ಮ ಶೀಟಿನಲ್ಲಿ ಜನ `togari kudi` ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದಾರೆ, `thogari` ಅಂತಲೂ ಮಾಡಿದ್ದಾರೆ. ಕನ್ನಡದಲ್ಲಿ ಟೈಪ್ ಮಾಡಿದವರು ಅದಕ್ಕಿಂತ ಕಡಿಮೆ. ಈ ಮಾತು ನೆನಪಿಟ್ಟುಕೊಳ್ಳಿ, ಟೈಟಲ್ ಬದಲಿಸುವಾಗ ಬೇಕಾಗುತ್ತದೆ.

ಈಗ ಮುಚ್ಚುವ ವಿಷಯ. ಅನ್‌ಲಿಸ್ಟೆಡ್ ಮತ್ತು ಪ್ರೈವೇಟ್ ಅಂತ ಎರಡು ದಾರಿ ಇವೆ. ಅನ್‌ಲಿಸ್ಟೆಡ್ ಮಾಡಿದರೆ ವಿಡಿಯೋ ಹುಡುಕಾಟದಲ್ಲಿ ಬರುವುದಿಲ್ಲ, ಚಾನೆಲ್ ಪುಟದಲ್ಲಿ ಕಾಣುವುದಿಲ್ಲ. ಆದರೆ ಲಿಂಕ್ ಇದ್ದವರು ನೋಡಬಹುದು. ಪ್ರೈವೇಟ್ ಮಾಡಿದರೆ ನಿಮಗೆ ಮತ್ತು ನೀವು ಇಮೇಲ್ ಕೊಟ್ಟು ಕರೆದವರಿಗೆ ಮಾತ್ರ. ಹಳೆಯ ಲಿಂಕ್ ಒತ್ತಿದವರಿಗೆ ‘ಈ ವಿಡಿಯೋ ಪ್ರೈವೇಟ್’ ಅನ್ನುವ ಕರಿ ಪರದೆ ಬರುತ್ತದೆ. ಎರಡರಲ್ಲೂ ವ್ಯೂಸ್, ಕಾಮೆಂಟ್ ಎಲ್ಲಾ ಹಾಗೇ ಇರುತ್ತವೆ, ಬೇಕಾದಾಗ ಮತ್ತೆ ಪಬ್ಲಿಕ್ ಮಾಡಬಹುದು. ಡಿಲೀಟ್ ಮಾಡಿದರೆ ಮುಗೀತು, ಅದು ವಾಪಸ್ ಬರುವುದಿಲ್ಲ.

ಇದರಲ್ಲಿ ನಾನೇ ಒಮ್ಮೆ ಕೆಟ್ಟಿದ್ದೇನೆ. 2021ರಲ್ಲಿ ನನ್ನ ಎಡಿಟಿಂಗ್ ಪಾಠದ ಚಾನೆಲ್ ಸ್ವಚ್ಛ ಮಾಡಲು ಕೂತು, ಒಂದೇ ರಾತ್ರಿ 80 ವಿಡಿಯೋ ಪ್ರೈವೇಟ್ ಮಾಡಿದೆ. ಬೆಳಿಗ್ಗೆ ಫೋನ್ ಮೇಲೆ ಫೋನ್. ಒಂದು ತರಬೇತಿ ಸಂಸ್ಥೆಯವರು ನನ್ನ ನಾಲ್ಕು ವಿಡಿಯೋಗಳ ಲಿಂಕನ್ನು ಮಕ್ಕಳಿಗೆ ಕೊಡುವ ಹಾಳೆಯಲ್ಲಿ ಅಚ್ಚು ಹಾಕಿಸಿದ್ದರು. ನನಗೆ ಗೊತ್ತೇ ಇರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಆಗ ನನ್ನ ಚಾನೆಲ್ ಹಣ ಗಳಿಸುವ ಹಂತಕ್ಕೆ ಬೇಕಾದ 4,000 ಗಂಟೆಯ ಹತ್ತಿರ ಇತ್ತು. ಪ್ರೈವೇಟ್, ಅನ್‌ಲಿಸ್ಟೆಡ್, ಡಿಲೀಟ್ ಆದ ವಿಡಿಯೋಗಳ ಗಂಟೆಗಳನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಬ್ಲಿಕ್ ಇರುವ ವಿಡಿಯೋಗಳ ಗಂಟೆ ಮಾತ್ರ ಲೆಕ್ಕ. ಕೆಲವು ದಿನ ಕಳೆದು ನೋಡಿದರೆ ಮೀಟರ್ 800 ಗಂಟೆ ಕೆಳಗಿಳಿದಿತ್ತು. ಮುಚ್ಚಿದವುಗಳಲ್ಲಿ ನಡೆಯುತ್ತಿದ್ದ ವಿಡಿಯೋಗಳೂ ಇದ್ದವು, ನಾನು ನೋಡಿರಲೇ ಇಲ್ಲ.

ನಿಮಗೆ ಆ ಭಯ ಇಲ್ಲ. ಆ ಲೆಕ್ಕ ಕಳೆದ 12 ತಿಂಗಳದ್ದು ಮಾತ್ರ. ನಿಮ್ಮ 47 ವಿಡಿಯೋ ಪೂರ್ತಿ ಮುಚ್ಚಿದರೂ ಹೋಗುವುದು 19 ಗಂಟೆ. ಸಬ್‌ಸ್ಕ್ರೈಬರ್ ಒಬ್ಬರೂ ಇದರಿಂದ ಕಡಿಮೆಯಾಗುವುದಿಲ್ಲ.

ಆ 47ನ್ನು ಹೀಗೆ ಬೇರೆ ಮಾಡಿ. ಮನೆಯವರ, ಮದುವೆಯ, ಗೆಳೆಯರ ಪ್ರವಾಸದ 14 ವಿಡಿಯೋಗಳನ್ನು ಪ್ರೈವೇಟ್ ಮಾಡಿ. ಅವುಗಳಲ್ಲಿ ಸಣ್ಣ ಮಕ್ಕಳಿದ್ದಾರೆ, ಹೆಣ್ಣುಮಕ್ಕಳಿದ್ದಾರೆ, ಯಾರಿಗೂ ಕೇಳಿ ಹಾಕಿದಂತೆ ಕಾಣುವುದಿಲ್ಲ. ಸಿನಿಮಾ ಹಾಡಿನ 13 ಸ್ಟೇಟಸ್ ವಿಡಿಯೋಗಳೂ ಪ್ರೈವೇಟ್. ಡಿಲೀಟ್ ಮಾಡಿದರೂ ನಷ್ಟ ಇಲ್ಲ, ನಿಮ್ಮದು ಅನ್ನುವುದು ಅದರಲ್ಲಿ ಏನೂ ಇಲ್ಲ. 11 ಮೊಬೈಲ್ ವಿಡಿಯೋ ಅನ್‌ಲಿಸ್ಟೆಡ್. ಜಾತ್ರೆ, ಊರು ತಿರುಗಿದ 9 ವಿಡಿಯೋ ಕೂಡ ಅನ್‌ಲಿಸ್ಟೆಡ್, ಯಾಕೆಂದರೆ ಊರಿನ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಆ ಲಿಂಕ್‌ಗಳು ಓಡಾಡಿವೆ. ಶರಣಬಸವೇಶ್ವರ ಜಾತ್ರೆಯ ತೇರಿನ ವಿಡಿಯೋ ಚೆನ್ನಾಗಿದೆ, ಮುಚ್ಚಲು ಮನಸ್ಸು ಬರುವುದಿಲ್ಲ ನಿಜ. ಆದರೆ ತೊಗರಿ ನೋಡಲು ಬಂದವನಿಗೆ ಅದು ಅಡ್ಡ. ಬೇಕಾದರೆ ಅದೇ ಗೂಗಲ್ ಖಾತೆಯಲ್ಲಿ ಇನ್ನೊಂದು ಚಾನೆಲ್ ತೆರೆದು ಅಲ್ಲಿ ಹಾಕಿ.

ಮುಚ್ಚುವ ಮೊದಲು ಒಂದು ಕೆಲಸ ಮರೆಯಬೇಡಿ. ನಿಮ್ಮ ಪ್ಲೇಲಿಸ್ಟ್‌ಗಳಿಂದ ಆ ವಿಡಿಯೋಗಳನ್ನು ತೆಗೆಯಿರಿ. ಅನ್‌ಲಿಸ್ಟೆಡ್ ವಿಡಿಯೋ ಪಬ್ಲಿಕ್ ಪ್ಲೇಲಿಸ್ಟ್‌ನಲ್ಲಿ ಉಳಿದರೆ ಆ ಪ್ಲೇಲಿಸ್ಟ್ ತೆರೆದವರಿಗೆಲ್ಲಾ ಕಾಣುತ್ತಲೇ ಇರುತ್ತದೆ. ಆಮೇಲೆ ಸ್ಟುಡಿಯೋದ ಕಂಟೆಂಟ್ ಪುಟದಲ್ಲಿ ಎಡಗಡೆ ಚೌಕಗಳಿಗೆ ಟಿಕ್ ಹಾಕಿ, ಮೇಲೆ ಬರುವ ಎಡಿಟ್ ಒತ್ತಿ, ವಿಸಿಬಿಲಿಟಿ ಆರಿಸಿದರೆ ಒಟ್ಟಿಗೆ ಬದಲಾಗುತ್ತವೆ. ನಾನು ಮಾಡಿದ ಹಾಗೆ ಒಂದೇ ರಾತ್ರಿಯಲ್ಲಿ ಮಾಡಬೇಡಿ. ಹತ್ತು ಹನ್ನೆರಡು ಮಾಡಿ, ಒಂದು ವಾರ ಬಿಡಿ. ಯಾರಾದರೂ ‘ಆ ವಿಡಿಯೋ ಎಲ್ಲಿ ಹೋಯ್ತು’ ಅಂತ ಕೇಳುತ್ತಾರಾ ನೋಡಿ, ಆಮೇಲೆ ಮುಂದಿನ ಕಂತು. ಹಳೆಯ ವಿಡಿಯೋಗಳ ಮೂಲ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಗೂಗಲ್ ಟೇಕ್‌ಔಟ್‌ನಿಂದ ಮೊದಲು ಇಳಿಸಿಟ್ಟುಕೊಳ್ಳಿ. ಸ್ಟುಡಿಯೋದಿಂದ ನೇರವಾಗಿ ಇಳಿಸಿದರೆ ಗುಣಮಟ್ಟ 720 ದಾಟುವುದಿಲ್ಲ.

ಇನ್ನು ಆ 24 ತೊಗರಿ ವಿಡಿಯೋಗಳು. ಇವುಗಳಲ್ಲಿ ಒಂದನ್ನು ಮುಚ್ಚಲೇಬೇಕು. 2021ರಲ್ಲಿ ಕೀಡಿಗೆ ಔಷಧಿ ಹೊಡೆಯುವ ಬಗ್ಗೆ ಮಾಡಿದ್ದು. ಅದಕ್ಕೆ ಈಗಲೂ ವ್ಯೂಸ್ ಬರುತ್ತಿವೆ, ಅದೇ ತೊಂದರೆ. ಅದರಲ್ಲಿ ನೀವು ಡೋಸ್ ಹೇಳುವುದು ‘ಅಂಗಡಿಯವರು ಹೇಳಿದ್ರು’ ಅಂತ. ಕೈಗವಸಿಲ್ಲ, ಮುಖಕ್ಕೆ ಬಟ್ಟೆಯೂ ಇಲ್ಲ. ನೋಡಲು ಚೆನ್ನಾಗಿಲ್ಲದ ವಿಡಿಯೋ ಇರಬಹುದು, ತಪ್ಪು ಹೇಳುವ ವಿಡಿಯೋ ಇರಬಾರದು. ಇವತ್ತೇ ಪ್ರೈವೇಟ್ ಮಾಡಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ಆಳಂದ ರಸ್ತೆಯಲ್ಲೇ ಇದೆ. ಅಲ್ಲಿ ಹೋಗಿ ಕೇಳಿಕೊಂಡು ಅದನ್ನು ಹೊಸದಾಗಿ ಮಾಡಿ.

ಉಳಿದ 23ರಲ್ಲಿ ಎಂಟನ್ನು ಮಾತ್ರ ರಿಪೇರಿ ಮಾಡಿದರೆ ಸಾಕು. ಎರಡನ್ನು ಬಿಡಿಸಿ ಹೇಳುತ್ತೇನೆ, ಬಾಕಿ ಆರು ಇವೆರಡರ ಹಾಗೇ.

ಮೊದಲನೆಯದು ಅದೇ ಕುಡಿ ಚಿವುಟುವ ವಿಡಿಯೋ. ಉದ್ದ 4 ನಿಮಿಷ 10 ಸೆಕೆಂಡ್. ಮೊದಲ 48 ಸೆಕೆಂಡ್ ನೀವು ಮಾಡುತ್ತಿರುವುದೇನು? ತಿರುಗುವ ಲೋಗೋ, ‘ನಮಸ್ಕಾರ ಸ್ನೇಹಿತರೇ’, ಲೈಕ್ ಮಾಡಿ, ಶೇರ್ ಮಾಡಿ, ಬೆಲ್ ಒತ್ತಿ. ಗಿಡ ಕಾಣುವುದು 49ನೇ ಸೆಕೆಂಡಿಗೆ. ಜನ ಎಷ್ಟು ಹೊತ್ತು ಕೂತರು ಅನ್ನುವ ಗೆರೆ ನೋಡಿದರೆ 30ನೇ ಸೆಕೆಂಡಿಗೆ ನೂರಕ್ಕೆ 41 ಜನ ಮಾತ್ರ ಉಳಿದಿದ್ದಾರೆ. ಗಿಡ ಬಂದ ಮೇಲೆ ಗೆರೆ ಹೆಚ್ಚು ಕಡಿಮೆ ಮಟ್ಟಸ ಆಗುತ್ತದೆ. ಅಂದರೆ ವಿಷಯದಲ್ಲಿ ತಪ್ಪಿಲ್ಲ, ಬಾಗಿಲಲ್ಲೇ ಜನರನ್ನು ಕಾಯಿಸಿದ್ದೀರಿ. ಆ 48 ಸೆಕೆಂಡನ್ನು ಸ್ಟುಡಿಯೋದ ಎಡಿಟರ್‌ನಲ್ಲೇ ಕತ್ತರಿಸಬಹುದು. ಲಿಂಕ್ ಬದಲಾಗುವುದಿಲ್ಲ, ವ್ಯೂಸ್, ಕಾಮೆಂಟ್ ಹೋಗುವುದಿಲ್ಲ. ಕತ್ತರಿಸಿದ್ದು ಕಾಣಿಸಲು ಕೆಲವು ಗಂಟೆ ಹಿಡಿಯಬಹುದು, ಅಲ್ಲಿತನಕ ಹಳೆಯದೇ ಓಡುತ್ತಿರುತ್ತದೆ. ಒಂದು ಲಕ್ಷ ವ್ಯೂಸ್ ದಾಟಿದ ವಿಡಿಯೋಗಳಿಗೆ ಈ ಕತ್ತರಿ ಸಾಮಾನ್ಯವಾಗಿ ನಡೆಯುವುದಿಲ್ಲ, ನಿಮಗೆ ಆ ಚಿಂತೆ ಸದ್ಯಕ್ಕಿಲ್ಲ. ಕತ್ತರಿಸಿದ ಮೇಲೆ ಕೊನೆಯಲ್ಲಿ ಬರುವ ಎಂಡ್ ಸ್ಕ್ರೀನ್ ಸರಿಯಾದ ಜಾಗದಲ್ಲಿದೆಯಾ ನೋಡಿ.

ಎರಡನೆಯದು ನಿಮ್ಮ ಶೀಟಿನ 19ನೇ ಸಾಲು. ಟೈಟಲ್ ‘ಹೊಲದಲ್ಲಿ ಅವ್ವ’. ಒಟ್ಟು ವ್ಯೂಸ್ 212. ಇದಕ್ಕೂ ಕೆಂಪು ಹಾಕಿದ್ದೀರಿ. ಆ ವಿಡಿಯೋ ನಾನು ಮೂರು ಸಲ ನೋಡಿದೆ. ನಿಮ್ಮ ಅವ್ವ ಮತ್ತು ಇನ್ನಿಬ್ಬರು ತೊಗರಿ ಸಾಲಿನ ನಡುವೆ ಹಳೆ ಸೀರೆ ಹಾಸಿ ಹಿಡಿದಿದ್ದಾರೆ. ಒಬ್ಬರು ಗಿಡ ಹಿಡಿದು ಜಾಡಿಸುತ್ತಾರೆ. ಹಸಿರು ಕೀಡಿಗಳು ಸೀರೆ ಮೇಲೆ ಟಪಟಪ ಬೀಳುತ್ತವೆ. ಅವ್ವ ಸೀರೆಯನ್ನು ಕ್ಯಾಮೆರಾ ಕಡೆ ಎತ್ತಿ ‘ನೋಡು, ಒಂದ ಸಾಲಿಗೆ ಇಷ್ಟು’ ಅನ್ನುತ್ತಾರೆ. 2 ನಿಮಿಷ 20 ಸೆಕೆಂಡ್, ಪೀಠಿಕೆ ಇಲ್ಲ, ಸಂಗೀತ ಇಲ್ಲ. ನೋಡಿದವರು ಸರಾಸರಿ ನೂರಕ್ಕೆ 71 ಭಾಗ ನೋಡಿದ್ದಾರೆ. ನಿಮ್ಮ 71 ವಿಡಿಯೋಗಳಲ್ಲಿ ಇಷ್ಟು ಹೊತ್ತು ಜನರನ್ನು ಕೂರಿಸಿದ್ದು ಬೇರೆ ಇಲ್ಲ. ಹಾಗಿದ್ದರೂ 212 ವ್ಯೂಸ್ ಯಾಕೆ? ‘ಹೊಲದಲ್ಲಿ ಅವ್ವ’ ಅಂತ ಟೈಪ್ ಮಾಡಿ ಹುಡುಕುವವರು ಯಾರೂ ಇಲ್ಲ. ಥಂಬ್‌ನೇಲ್‌ನಲ್ಲಿ ಆಕಾಶ ಕಾಣುತ್ತದೆ. ಇಂಪ್ರೆಷನ್ ಅಂದರೆ ಎಷ್ಟು ಸಲ ಜನರ ಕಣ್ಣಿಗೆ ಬಿತ್ತು ಅನ್ನುವ ಸಂಖ್ಯೆಯೇ ಕಡಿಮೆ ಇದೆ.

ಶಕ್ತಿಯಿಲ್ಲದ ವಿಡಿಯೋ ಯಾವುದು, ಯಾರ ಕಣ್ಣಿಗೂ ಬೀಳದ ವಿಡಿಯೋ ಯಾವುದು ಅಂತ ಗುರುತಿಸುವುದು ಹೀಗೆಯೇ. ತೋರಿಸಿದರೂ ಜನ ಒತ್ತುತ್ತಿಲ್ಲ ಅಂದರೆ ಥಂಬ್‌ನೇಲ್, ಟೈಟಲ್ ಬದಲಿಸಬೇಕು. ಒತ್ತಿ ಬೇಗ ಬಿಟ್ಟು ಹೋಗುತ್ತಿದ್ದರೆ ಒಳಗಡೆ ಕತ್ತರಿಸಬೇಕು. ಬಂದವರು ಪೂರ್ತಿ ನೋಡಿ, ಬರುವವರೇ ಕಡಿಮೆ ಇದ್ದರೆ ಹೆಸರಿಟ್ಟದ್ದು ತಪ್ಪಾಗಿದೆ. ಈ ವಿಡಿಯೋಗೆ ‘ತೊಗರಿ ಗಿಡ ಜಾಡಿಸಿ ಕೀಡಿ ಉದುರಿಸುವುದು, ಔಷಧಿ ಇಲ್ಲದೆ’ ಅಂತ ಹೆಸರಿಡಿ. ವಿವರಣೆಯ ಮೊದಲ ಸಾಲಿನಲ್ಲಿ `togari keedi` ಅನ್ನುವುದನ್ನೂ ಸೇರಿಸಿ, ಜನ ಹಾಗೆ ಟೈಪ್ ಮಾಡುತ್ತಾರೆ. ಥಂಬ್‌ನೇಲ್‌ಗೆ ಅವ್ವ ಸೀರೆ ಎತ್ತಿ ತೋರಿಸುವ ಚಿತ್ರ ಸಾಕು. ಮೇಲೆ ಅಕ್ಷರ ಬೇಡ, ಬಾಣದ ಗುರುತೂ ಬೇಡ. ಆದರೆ ಇದನ್ನು ಈಗ ಬದಲಿಸಿ ಮೇ ತಿಂಗಳಲ್ಲಿ ಫಲಿತಾಂಶ ಹುಡುಕಬೇಡಿ. ಕಾಯಿಕೊರಕದ ಕೀಡಿ ಹೂವು, ಕಾಯಿ ಬಂದಾಗಲೇ ಬರುವುದು. ಅಕ್ಟೋಬರ್, ನವೆಂಬರ್ ತನಕ ಕಾಯಬೇಕು.

ಹೆಸರು, ಫೋಟೋ ವಿಷಯಕ್ಕೆ ಬರೋಣ. ನಿಮ್ಮ ಚಾನೆಲ್ ಹೆಸರಿನಲ್ಲಿ ಮುಂದೆ ಕ್ರೇಜಿ, ಹಿಂದೆ ವ್ಲಾಗ್ಸ್, ನಡುವೆ ನಿಮ್ಮ ಹೆಸರು. ನಡುವಿನದು ಇಟ್ಟುಕೊಂಡು ಹಿಂದೆ ಮುಂದೆ ಇರುವುದನ್ನು ಬಿಡಿ. ನಿಮ್ಮ ಹೆಸರಿನ ಜೊತೆ ‘ತೊಗರಿ ಹೊಲ’ ಅಂತ ಸೇರಿಸಿದರೆ ಸಾಕು. ಹಳೆಯ ಹೆಸರಿನ ಒಂದು ತುಂಡು ಉಳಿದರೆ ಹಳಬರಿಗೆ ಗುರುತು ಸಿಗುತ್ತದೆ. ಫೋಟೋ ಮತ್ತು ಹೆಸರನ್ನು ಒಂದೇ ದಿನ ಬದಲಿಸಬೇಡಿ. ಎರಡೂ ಹೊಸದಾದರೆ ‘ಇದನ್ನು ನಾನ್ಯಾವಾಗ ಸಬ್‌ಸ್ಕ್ರೈಬ್ ಮಾಡಿದೆ’ ಅಂತ ಜನ ತೆಗೆದುಬಿಡುತ್ತಾರೆ. ಮೊದಲು ಫೋಟೋ, ಮೂರ್ನಾಲ್ಕು ವಾರ ಬಿಟ್ಟು ಹೆಸರು. ಹೆಸರನ್ನು 14 ದಿನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು, ಹಾಗಾಗಿ ಮೊದಲೇ ಮನೆಯಲ್ಲಿ ನಾಲ್ಕು ಜನರಿಗೆ ಕೇಳಿಕೊಳ್ಳಿ. @ ಗುರುತಿನ ಹ್ಯಾಂಡಲ್‌ಗೂ ಅದೇ ನಿಯಮ. ಹ್ಯಾಂಡಲ್ ಕನ್ನಡದಲ್ಲೂ ಇಡಬಹುದು, ಆದರೆ ನಾನು ಬೇಡ ಅನ್ನುತ್ತೇನೆ. ಹೊಲದಲ್ಲಿ ನಿಂತು ಫೋನಿನಲ್ಲಿ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಟೈಪ್ ಮಾಡಲು ಬರಬೇಕು. ಚಿಕ್ಕ ಇಂಗ್ಲಿಷ್ ಅಕ್ಷರಗಳು, ಅಂಕಿ ಬೇಡ, ನಡುವೆ ಗೆರೆ ಬೇಡ.

ಫೋಟೋಗೆ ಲೋಗೋ ಮಾಡಿಸಲು ದುಡ್ಡು ಕೊಡಬೇಡಿ. ಅದು ಫೋನಿನಲ್ಲಿ ಕಾಣುವುದು ಉಗುರಿನಷ್ಟು, ಗುಂಡಗೆ. ಅಕ್ಷರ ಓದಲು ಬರುವುದಿಲ್ಲ. ನಿಮ್ಮ ಮುಖ, ಹಿಂದೆ ತೊಗರಿಯ ಹಳದಿ ಹೂವು, ಸಾಕು. ಬ್ಯಾನರ್ 2560×1440 ಪಿಕ್ಸೆಲ್ ಅಳತೆಗೆ ಮಾಡಿ. ಅಷ್ಟೂ ಕಾಣುವುದು ಟಿವಿಯಲ್ಲಿ ಮಾತ್ರ. ಫೋನಿನಲ್ಲಿ ಕಾಣುವುದು ನಡುವಿನ ಒಂದು ಪಟ್ಟಿ. ಹಾಗಾಗಿ ಬರೆಯುವುದೆಲ್ಲಾ ನಡುವಿನ 1546×423 ಪಿಕ್ಸೆಲ್ ಒಳಗೇ ಇರಬೇಕು. ಹಾಕಿದ ಮೇಲೆ ಅವ್ವನ ಫೋನಿನಲ್ಲಿ ತೆರೆದು ನೋಡಿ. ಅಕ್ಷರ ತುಂಡಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚಾನೆಲ್ ವಿವರಣೆಯಲ್ಲಿ ಆರು ತಿಂಗಳು ಹಳೆಯ ಹೆಸರನ್ನೂ ಬರೆದಿಡಿ. ಇಷ್ಟಾದರೂ ಸ್ವಲ್ಪ ಜನ ಹೋಗುತ್ತಾರೆ. 2,300ರಲ್ಲಿ ಬಹಳ ಜನ ಮೊಬೈಲ್ ನೋಡಲು ಬಂದವರು. ಅವರು ತೊಗರಿಗೆ ಉಳಿಯುತ್ತಾರೆ ಅಂತ ಕಾಯುವುದು ಬೇಡ. ಹೋಗಲಿ ಬಿಡಿ.

ವಾರಕ್ಕೆ ಎಷ್ಟು? ನಿಮಗೆ ವಾರದ ಲೆಕ್ಕ ಸರಿಹೊಂದುವುದಿಲ್ಲ. ತೊಗರಿ ಚಾನೆಲ್‌ಗೆ ಹೊಲದ ಲೆಕ್ಕವೇ ಲೆಕ್ಕ. ಜೂನ್‌ನಿಂದ ನವೆಂಬರ್ ತನಕ ಹತ್ತು ದಿನಕ್ಕೊಂದು, ಅಂದರೆ ತಿಂಗಳಿಗೆ ಮೂರು. ರಾಶಿ ಮುಗಿದು ಬೇಸಿಗೆ ಬಂದ ಮೇಲೆ ತಿಂಗಳಿಗೊಂದು. ಒಬ್ಬರೇ ಶೂಟ್ ಮಾಡಿ, ಒಬ್ಬರೇ ಎಡಿಟ್ ಮಾಡಿ, ಹೊಲದ ಕೆಲಸವನ್ನೂ ಮಾಡುವವರಿಗೆ ಇದಕ್ಕಿಂತ ಜಾಸ್ತಿ ಆಗುವುದಿಲ್ಲ. 2022ರ ನಿಮ್ಮ ತಾರೀಖುಗಳನ್ನೇ ನೋಡಿ. ಆಗಸ್ಟ್‌ನಲ್ಲಿ 14 ವಿಡಿಯೋ, ಸೆಪ್ಟೆಂಬರ್‌ನಲ್ಲಿ 5, ಅಕ್ಟೋಬರ್‌ನಲ್ಲಿ 1, ಆಮೇಲೆ ಇಲ್ಲ. ಓಡಿ ದಣಿದಿದ್ದೀರಿ ಅಲ್ವಾ?

ಗೊತ್ತಿರಬೇಕಾದ ಇನ್ನೊಂದು ಮಾತು, ವಿಡಿಯೋ ಕೆಲಸಕ್ಕಿಂತ ಮೊದಲು ಬರಬೇಕು. ಕುಡಿ ಚಿವುಟುವ ದಿನ ಶೂಟ್ ಮಾಡಿ ವಾರ ಬಿಟ್ಟು ಹಾಕಿದರೆ ಅಷ್ಟರಲ್ಲಿ ಎಲ್ಲರ ಹೊಲದಲ್ಲೂ ಕೆಲಸ ಮುಗಿದಿರುತ್ತದೆ. ಹುಡುಕಾಟದಲ್ಲಿ ಹೊಸ ವಿಡಿಯೋ ಮೇಲೆ ಬರಲು ಒಂದಿಷ್ಟು ದಿನ ಬೇಕು. ಎರಡು ಮೂರು ವಾರ ಮೊದಲೇ ಹಾಕಿ. ಬೀಜೋಪಚಾರದ್ದು ಮೇ ಕೊನೆಗೆ. ಕುಡಿಯದ್ದು ಜುಲೈ ಮೊದಲ ವಾರಕ್ಕೆ. ನೆಟೆ ರೋಗದ್ದು ಆಗಸ್ಟ್ ಕೊನೆಗೆ. ಹೂವಿನ ಹೊತ್ತಿಗೆ ಹೊಡೆಯುವ ಪಲ್ಸ್ ಮ್ಯಾಜಿಕ್ ಪೋಷಕಾಂಶ, ಅದೇ ರಾಯಚೂರು ಕೃಷಿ ವಿಶ್ವವಿದ್ಯಾಲಯದವರದ್ದು, ಅದರ ವಿಡಿಯೋ ಸೆಪ್ಟೆಂಬರ್‌ಗೆ. ಗಂಜ್ ಮಾರುಕಟ್ಟೆಗೆ ಮಾಲು ಒಯ್ಯುವ ಮೊದಲು ತೇವ ನೋಡುವುದು ಹೇಗೆ ಅನ್ನುವುದು ಡಿಸೆಂಬರ್ ಮೊದಲಿಗೆ. ಈ ವರ್ಷ ಗಿಡ ಇನ್ನೂ ಬಂದಿಲ್ಲ, ಮೊದಲೇ ಹೇಗೆ ಶೂಟ್ ಮಾಡಲಿ ಅಂತ ಕೇಳುತ್ತೀರಿ. ಹಳೆಯ ವಿಡಿಯೋಗಳ ಮೂಲ ಪ್ರತಿ ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಳೆಯ ಚಿತ್ರಕ್ಕೆ ಹೊಸ ಮಾತು ಸೇರಿಸಿ. ಈ ವರ್ಷ ಹೊಲದಲ್ಲಿ ತೆಗೆದದ್ದು ಮುಂದಿನ ವರ್ಷಕ್ಕೆ.

ಮೊದಲ ವಿಡಿಯೋ ‘ನಾನು ಮತ್ತೆ ಬಂದೆ’ ಅಂತ ಮಾಡಬೇಡಿ. ಅದನ್ನು ಹುಡುಕುವವರಿಲ್ಲ. ಬೀಜೋಪಚಾರದಿಂದ ಶುರು ಮಾಡಿ. ಅದನ್ನು ಹಾಕುವ ಮೊದಲು ಇನ್ನೂ ಮೂರು ವಿಡಿಯೋ ತಯಾರಾಗಿ ಕೂತಿರಲಿ, ಶೆಡ್ಯೂಲ್ ಹಾಕಿಡಿ. ಮೊದಲನೆಯದಕ್ಕೆ ಎರಡು ದಿನದಲ್ಲಿ ನಲವತ್ತು ಐವತ್ತು ವ್ಯೂಸ್ ಬಂದರೆ ಗಾಬರಿಯಾಗಬೇಡಿ. 2,300 ಜನ ಎಲ್ಲಿ ಹೋದರು ಅಂತ ಅನಿಸುತ್ತದೆ. ಹೆಚ್ಚಿನವರು ನಿಮ್ಮನ್ನು ಮರೆತಿದ್ದಾರೆ, ಇನ್ನು ಕೆಲವರ ಆಸಕ್ತಿ ಬದಲಾಗಿದೆ. ಇಲ್ಲಿ ಹೆದರಿ ದಿನಕ್ಕೆ ನಾಲ್ಕು ಹಾಕುವವರನ್ನು ನೋಡಿದ್ದೇನೆ. ಒಬ್ಬ ಸಬ್‌ಸ್ಕ್ರೈಬರ್‌ಗೆ 24 ಗಂಟೆಯಲ್ಲಿ ಒಂದು ಚಾನೆಲ್‌ನಿಂದ ಮೂರಕ್ಕಿಂತ ಜಾಸ್ತಿ ಹೊಸ ವಿಡಿಯೋದ ಸೂಚನೆ ಹೋಗುವುದೇ ಇಲ್ಲ.

ಹಣದ ಮಾತು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇರುತ್ತದೆ. ಮೊದಲ ಮೆಟ್ಟಿಲಿಗೆ 500 ಸಬ್‌ಸ್ಕ್ರೈಬರ್, 90 ದಿನದಲ್ಲಿ ಮೂರು ಪಬ್ಲಿಕ್ ವಿಡಿಯೋ, 12 ತಿಂಗಳಲ್ಲಿ 3,000 ಗಂಟೆ ಬೇಕು. ಆ ಮೆಟ್ಟಿಲಲ್ಲಿ ಜಾಹೀರಾತಿನ ದುಡ್ಡು ಇಲ್ಲ, ಅದಕ್ಕೆ 1,000 ಸಬ್‌ಸ್ಕ್ರೈಬರ್ ಮತ್ತು 4,000 ಗಂಟೆ. ನೀವಿರುವುದು 412ರಲ್ಲಿ. ಈ ಹಂಗಾಮಿನಲ್ಲಿ ಆಗುವ ಮಾತಲ್ಲ.

ಸರಿ ನಡೆಯುತ್ತಿದೆಯಾ ಅಂತ ನೋಡಲು ಸಬ್‌ಸ್ಕ್ರೈಬರ್ ಸಂಖ್ಯೆ ಬಿಡಿ. ಅನಲಿಟಿಕ್ಸ್‌ನ ಆಡಿಯನ್ಸ್ ಪುಟದಲ್ಲಿ ಹೊಸಬರು, ಆಗಾಗ ಮರಳಿ ಬಂದವರು, ಕಾಯಂ ಮರಳಿ ಬಂದವರು ಅಂತ ಬೇರೆ ಬೇರೆ ತೋರಿಸುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಮರಳಿ ಬಂದವರ ಗೆರೆ ನಿಧಾನಕ್ಕೆ ಏರುತ್ತಿರಬೇಕು. ಹೊಸಬರು ಬಂದು ಮರಳಿ ಬರುವವರು ಹಾಗೇ ಇದ್ದರೆ ಒಂದು ವಿಡಿಯೋ ನೋಡಿ ಜನ ಹೋಗುತ್ತಿದ್ದಾರೆ ಅಂತ ಅರ್ಥ. ಆಗ ಕುಡಿ ವಿಡಿಯೋದ ಕೊನೆಯಲ್ಲಿ ನೆಟೆ ರೋಗದ್ದು, ಅದರ ಕೊನೆಯಲ್ಲಿ ಕೀಡಿಯದ್ದು, ಹೀಗೆ ಹೊಲದಲ್ಲಿ ಮುಂದೆ ಬರುವ ಕೆಲಸದ ವಿಡಿಯೋವನ್ನು ಎಂಡ್ ಸ್ಕ್ರೀನ್‌ನಲ್ಲಿ ಹಾಕಿ.

ಈಗ ಏಪ್ರಿಲ್ ಕೊನೆ. ಈ ವಾರ ಔಷಧಿಯ ವಿಡಿಯೋ ಮುಚ್ಚಿ, ಮದುವೆ ವಿಡಿಯೋಗಳ ಮೊದಲ ಕಂತು ಮುಚ್ಚಿ, ಫೋಟೋ ಬದಲಿಸಿ. ಮೇ ಎರಡನೇ ವಾರ ಕುಡಿ ವಿಡಿಯೋ ಕತ್ತರಿಸಿ, 19ನೇ ಸಾಲಿನ ಟೈಟಲ್ ಬದಲಿಸಿ. ಮೇ ಕೊನೆಗೆ ಹೆಸರು, ಅದೇ ವಾರ ಬೀಜೋಪಚಾರದ ವಿಡಿಯೋ. ಕಾರ ಹುಣ್ಣಿಮೆ ಹೊತ್ತಿಗೆ ಮುಂದಿನ ಮೂರು ವಿಡಿಯೋಗೂ ಶೆಡ್ಯೂಲ್ ಬಿದ್ದಿರಲಿ, ಆಮೇಲೆ ಬಿತ್ತಲು ಹೋಗಿ. ಆಗಸ್ಟ್ ಕಳೆದ ಮೇಲೆ ಕುಡಿ ವಿಡಿಯೋದ ಹೊಸ ಗೆರೆ ತೆಗೆದು ಕಳಿಸಿ. 30ನೇ ಸೆಕೆಂಡಿನ ಆ 41 ಎಷ್ಟಾಗಿದೆ ಅಂತ ನನಗೂ ನೋಡಬೇಕಿದೆ.